ವಾಷಿಂಗ್ ಮಷೀನ್ ರಿಪೇರಿ ಬಗ್ಗೆ

ವಿಮಲಕ್ಕಾ, ನಮಸ್ಕಾರ. ಮುಲುಂಡ್ ಸರ್ವಿಸ್ ಸೆಂಟರಿನಿಂದ ಸುರೇಶ. ಬೆಳಿಗ್ಗೆ ನಿಮ್ಮ ಮನೆಗೆ ಬಂದಿದ್ದ ಹುಡುಗ ಮಷೀನಿನ ಅಡಿಭಾಗದ ಫೋಟೋ ತೋರಿಸಿದ. ನಿಮಗೂ ಕಳಿಸಿದ್ದೇನೆ, ನೋಡಿ. ನಾಲ್ಕು ವೈರ್‌ಗಳನ್ನು ಇಲಿ ಕಡಿದಿದೆ. ನೀರು ಹೋಗುವ ಪೈಪಿನಲ್ಲೂ ಹಲ್ಲಿನ ಗುರುತಿದೆ. ಮಷೀನ್ ಆನ್ ಆಗದೇ ಇರುವುದಕ್ಕೂ ಬಾತ್‌ರೂಮಿನಲ್ಲಿ ನೀರು ಸೋರಿದ್ದಕ್ಕೂ ಇದೇ ಕಾರಣ.

ನಿಮ್ಮ 2 ವರ್ಷದ ವಾರಂಟಿ ಇನ್ನೂ ಮುಗಿದಿಲ್ಲ, ನಿಜ. ಆದರೆ ಅದು ತಯಾರಿಕೆಯಲ್ಲಿ ಆದ ದೋಷಕ್ಕೆ ಮಾತ್ರ. ಇಲಿ, ಜಿರಳೆಯಿಂದ ಆದ ಹಾನಿಗೆ ಸಿಗುವುದಿಲ್ಲ ಅಂತ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿದೆ. ಅಂಗಡಿಯಲ್ಲಿ ಮಷೀನ್ ಕೊಡುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ನಿಮಗೆ ಬೇಜಾರಾಗುವುದು ಸಹಜ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮಳೆಗಾಲದಲ್ಲಿ ಚರಂಡಿಗೆ ನೀರು ನುಗ್ಗಿದರೆ ಇಲಿಗಳು ಮನೆಯೊಳಗೆ ಬರುತ್ತವೆ. ಈ ಮಾಡೆಲಿನ ತಳ ಬೇರೆ ತೆರೆದೇ ಇರುತ್ತದೆ.

ಈ ರಿಪೇರಿಯಿಂದ ಉಳಿದ ವಾರಂಟಿಗೆ ಏನೂ ಆಗುವುದಿಲ್ಲ. ಮೋಟಾರಿನ 10 ವರ್ಷದ್ದೂ ಹಾಗೇ ಇರುತ್ತದೆ. ಕಾರ್ಡ್ ಜೋಪಾನವಾಗಿಡಿ.

ಸರಿಯಾದ ರಿಪೇರಿ ಅಂದರೆ ವೈರಿಂಗ್ ಪೂರ್ತಿ ಬದಲಿಸುವುದು. ವೈರಿಂಗ್ 1,850, ಪೈಪ್ 350, ಕೂಲಿ 500, ಮೇಲೆ 18% ಜಿಎಸ್‌ಟಿ. ಒಟ್ಟು 3,186 ರೂಪಾಯಿ. ಪಾರ್ಟ್ ಬರಲು ನಾಲ್ಕು ದಿನ ಬೇಕು.

ಆದರೆ ಗಣಪತಿಗೆ ಊರಿಂದ ನೆಂಟರು ಬರುತ್ತಾರೆ ಅಂದಿದ್ದಿರಲ್ವಾ? ಹಾಗಾದರೆ ಕಡಿದ ವೈರ್‌ಗಳನ್ನು ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿ, ಹೊಸ ಪೈಪ್ ಜೋಡಿಸಿ ನಾಳೆಯೇ ನಡೆಸಿಕೊಡಬಹುದು. ಜಿಎಸ್‌ಟಿ ಸೇರಿ 1,121 ರೂಪಾಯಿ. ನೀರಿನ ಹತ್ತಿರದ ಜಾಯಿಂಟ್ ಆದ್ದರಿಂದ ಅದಕ್ಕೆ ನಾನು ಗ್ಯಾರಂಟಿ ಕೊಡಲಾರೆ. ಹಬ್ಬ ಮುಗಿದ ಮೇಲೆ ವೈರಿಂಗ್ ಬದಲಿಸುವುದಾದರೆ ಆಗ ಕೂಲಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೇ ಮಾಡುತ್ತಿದ್ದೆ. ಹುಡುಗ ಬಂದು ರಿಪೇರಿ ಮಾಡುವವರೆಗೆ ಮಷೀನಿನ ಪ್ಲಗ್ ತೆಗೆದೇ ಇಡಿ. ಸುಮ್ನೆ ಒಂದ್ಸಲ ಆನ್ ಮಾಡಿ ನೋಡುವುದೂ ಬೇಡ.

ಇವತ್ತಿನ ವಿಸಿಟ್ ಚಾರ್ಜ್ 450 ನಾನು ಬಿಟ್ಟಿದ್ದೇನೆ. ನನ್ನ ಕೈಯಲ್ಲಿರುವುದು ಅಷ್ಟೇ. ಇಲಿ ಬರದಂತೆ ಮಷೀನಿನ ತಳಕ್ಕೆ ಹಾಕುವ ಜಾಲರಿಯನ್ನೂ ನಮ್ಮ ಕಡೆಯಿಂದಲೇ ಕೂರಿಸುತ್ತೇವೆ. ಬಾತ್‌ರೂಮಿನ ಪೈಪ್ ಹೊರಗೆ ಹೋಗುವ ತೂತನ್ನು ಮಾತ್ರ ನೀವೇ ಸಿಮೆಂಟ್ ಹಾಕಿ ಮುಚ್ಚಿಸಿ. ಇಲ್ಲದಿದ್ದರೆ ಜಾಲರಿ ಹಾಕಿಯೂ ಜಾಸ್ತಿ ಪ್ರಯೋಜನವಿಲ್ಲ.

ನನ್ನ ಮಾತು ಒಪ್ಪಿಗೆಯಾಗದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇದೇ ಫೋಟೋ ಕಳಿಸಿ ಕೇಳಿ. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ. ನೀವು ದೂರು ಕೊಟ್ಟರೆ ನನಗೇನೂ ಬೇಜಾರಿಲ್ಲ ಅಕ್ಕಾ.

ನಾಳೆ ಹುಡುಗನನ್ನು ಕಳಿಸಬೇಕಾದರೆ ರಾತ್ರಿ 8ರೊಳಗೆ ಒಂದು ಮೆಸೇಜ್ ಹಾಕಿ. 11 ಗಂಟೆಗೆ ಬರುತ್ತಾನೆ.