ಹೋಂಸ್ಟೇ ವೆಬ್‌ಸೈಟ್: ಕೆಲಸದ ವಿವರ ಮತ್ತು ಒಪ್ಪಂದ

25 ಮೇ 2026, ಹಾಸನ

ಪೂರ್ಣಿಮಾ ಮೇಡಂ,

ಸಕಲೇಶಪುರದ ನಿಮ್ಮ ಹೋಂಸ್ಟೇ ವೆಬ್‌ಸೈಟ್ ಬಗ್ಗೆ ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಓದಿ, ಸರಿ ಅನಿಸಿದರೆ ಸಹಿ ಮಾಡಿ.

ಏನು ಮಾಡಿಕೊಡುತ್ತೇನೆ

ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಆರು ಪುಟ: ಮುಖಪುಟ, ಕೋಣೆಗಳು, ಊಟ, ಸುತ್ತಮುತ್ತ ನೋಡುವ ಜಾಗ, ಫೋಟೋಗಳು, ಸಂಪರ್ಕ. ಬುಕಿಂಗ್ ವಿಚಾರಣೆ ಫಾರ್ಮ್‌ನಿಂದ ನಿಮ್ಮ ಇಮೇಲ್‌ಗೆ ಬರುತ್ತದೆ. ಆನ್‌ಲೈನ್ ಪಾವತಿ ಇದರಲ್ಲಿ ಇಲ್ಲ. ಡೊಮೇನ್ ಮತ್ತು ಹೋಸ್ಟಿಂಗ್ ನಿಮ್ಮ ಹೆಸರಲ್ಲೇ, ನಿಮ್ಮ ಖರ್ಚಿನಲ್ಲೇ ಇರಲಿ. ನಾಳೆ ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೂ ವಿಳಾಸ ನಿಮ್ಮ ಕೈಯಲ್ಲೇ ಇರಬೇಕು, ಅಲ್ವಾ?

ಬರಹ, ಫೋಟೋ ನೀವು ಜೂನ್ 8ರೊಳಗೆ ಕೊಡಬೇಕು. ಕನ್ನಡ ಬರಹ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ವೆಬ್‌ನಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತದೆ. ನೀವು ಕೊಡುವುದು ಎಷ್ಟು ದಿನ ತಡವಾದರೆ ಮುಂದಿನ ತಾರೀಕುಗಳೂ ಅಷ್ಟೇ ದಿನ ಮುಂದೆ ಹೋಗುತ್ತವೆ.

ಹಂತಗಳು ಮತ್ತು ಹಣ

ಒಟ್ಟು 60,000 ರೂಪಾಯಿ. ನನ್ನ ವಾರ್ಷಿಕ ವಹಿವಾಟು 20 ಲಕ್ಷಕ್ಕಿಂತ ಕಡಿಮೆ, ಜಿಎಸ್‌ಟಿ ನೋಂದಣಿ ಇಲ್ಲ. ಹಾಗಾಗಿ ಬಿಲ್ಲಿನಲ್ಲಿ ಅದು ಸೇರುವುದಿಲ್ಲ.

- ಜೂನ್ 1: ಮುಂಗಡ ಬಂದ ಮೇಲೆ ಕೆಲಸ ಶುರು. 18,000
- ಜೂನ್ 15: ಡಿಸೈನ್‌ಗೆ ನಿಮ್ಮ ಒಪ್ಪಿಗೆ. 15,000
- ಜುಲೈ 6: ಪರೀಕ್ಷೆಯ ಲಿಂಕ್‌ನಲ್ಲಿ ಆರೂ ಪುಟ ಸಿದ್ಧ. 15,000
- ಜುಲೈ 20: ಸೈಟ್ ಲೈವ್ ಮಾಡುವ ಮೊದಲು. 12,000

ಪ್ರತಿ ಬಿಲ್ಲಿಗೆ 7 ದಿನ ಗಡುವು. ಯುಪಿಐ ಅಥವಾ ಬ್ಯಾಂಕ್ ಖಾತೆಗೆ ಹಾಕಬಹುದು. ಹಿಂದಿನ ಹಂತದ ಹಣ ಬಾಕಿ ಇದ್ದರೆ ಮುಂದಿನ ಹಂತ ಶುರು ಮಾಡುವುದಿಲ್ಲ. ನಡುವೆ ನಿಲ್ಲಿಸಬೇಕು ಅಂದರೆ ಅಲ್ಲಿಯವರೆಗಿನ ಕೆಲಸದ ಹಣ ಕೊಟ್ಟರೆ ಸಾಕು. ಮುಂಗಡ ಮಾತ್ರ ವಾಪಸ್ ಇಲ್ಲ.

ತಿದ್ದುಪಡಿ ಎಷ್ಟು ಸಲ

ಡಿಸೈನ್‌ನಲ್ಲಿ ಎರಡು ಸುತ್ತು, ಪರೀಕ್ಷೆಯ ಲಿಂಕ್ ಕೊಟ್ಟ ಮೇಲೆ ಒಂದು ಸುತ್ತು. ಒಂದು ಸುತ್ತು ಅಂದರೆ, ಬದಲಾಗಬೇಕಾದ್ದನ್ನೆಲ್ಲ ಸೇರಿಸಿ ನೀವು ಕಳಿಸುವ ಒಂದೇ ಇಮೇಲ್. ಮನೆಯವರೆಲ್ಲ ನೋಡಲಿ, ಆದರೆ ಕೊನೆಯ ಮಾತು ನಿಮ್ಮದೊಬ್ಬರದೇ ಇರಲಿ. ಹಿಂದೊಂದು ಕೆಲಸದಲ್ಲಿ ನಾಲ್ಕು ಜನ ನಾಲ್ಕು ಬಣ್ಣ ಹೇಳಿ, ಮೂರು ವಾರ ಮುಖಪುಟದಲ್ಲೇ ಕಳೆದುಹೋಯಿತು. ಆ ಗ್ರಾಹಕರಿಗೂ ಅದರಿಂದ ನಷ್ಟವೇ ಆಯಿತು. ನಿಮಗೆ ಹಾಗಾಗಬಾರದು.

ಮೂರು ಸುತ್ತು ಮುಗಿದ ಮೇಲೆ ಗಂಟೆಗೆ 700 ರೂಪಾಯಿ. ಎಷ್ಟು ಗಂಟೆ ಆಗುತ್ತದೆ ಅಂತ ಮೊದಲೇ ಹೇಳಿ, ನೀವು ಒಪ್ಪಿದ ಮೇಲೇ ಕೈ ಹಚ್ಚುತ್ತೇನೆ. ಒಪ್ಪಿದ ಡಿಸೈನ್ ಬಿಟ್ಟು ಹೊಸದು ಬೇಕು ಅಂದರೆ, ಹೊಸ ಪುಟ ಸೇರಿಸಬೇಕು ಅಂದರೆ, ಅದು ತಿದ್ದುಪಡಿಯಲ್ಲ, ಬೇರೆ ಕೆಲಸ. ಫಾರ್ಮ್ ಹೋಗದಿರುವುದು, ಮೊಬೈಲ್‌ನಲ್ಲಿ ಪುಟ ಒಡೆದು ಕಾಣುವುದು ನನ್ನ ತಪ್ಪು. ಅದನ್ನು ಸುತ್ತಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಲೈವ್ ಆದ 30 ದಿನದವರೆಗೆ ಪುಕ್ಕಟೆ ಸರಿ ಮಾಡಿಕೊಡುತ್ತೇನೆ.

ನಿಮ್ಮಿಂದ 7 ದಿನ ಉತ್ತರ ಬರದಿದ್ದರೆ ಕೆಲಸ ನಿಲ್ಲಿಸಿ ಕಾಯುತ್ತೇನೆ. ಸುಮ್ನೆ ಇದ್ದೀರಿ ಅಂತ ಅದನ್ನೇ ಒಪ್ಪಿಗೆ ಅಂದುಕೊಳ್ಳುವುದಿಲ್ಲ.

ಹಕ್ಕು

ಕಾಪಿರೈಟ್ ವರ್ಗಾವಣೆ ಬರಹದಲ್ಲೇ ಇರಬೇಕು ಅಂತ 1957ರ ಕಾಯ್ದೆ ಹೇಳುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಕೊನೆಯ ಕಂತು ಬಂದ ದಿನ ನಾನು ಬರೆದ ಕೋಡ್ ಮತ್ತು ಡಿಸೈನ್‌ನ ಪೂರ್ತಿ ಹಕ್ಕು, ಎಲ್ಲ ದೇಶಗಳಿಗೂ, ಹಕ್ಕಿನ ಪೂರ್ಣ ಅವಧಿಗೂ ನಿಮ್ಮದು. ಪಾಸ್‌ವರ್ಡ್‌ಗಳನ್ನೂ ಅಂದೇ ಕೊಡುತ್ತೇನೆ.

ಕೆಲಸ ಮಾಡುವವರು: ಚೇತನ್, ಹಾಸನ
ಕೆಲಸ ಕೊಡುವವರು: ಪೂರ್ಣಿಮಾ, ಸಕಲೇಶಪುರ