ಎಣ್ಣೆ ಲೇಬಲ್ ಫೈನಲ್ ಫೈಲ್‌ಗಳು: ಎರಡು ಲಿಂಕ್, ಐದು ಫೋಲ್ಡರ್ (ಆಗಸ್ಟ್ 31ರೊಳಗೆ ಇಳಿಸಿಕೊಳ್ಳಿ)

ನಮಸ್ಕಾರ ಅಕ್ಕ,

ಲೇಬಲ್ ಕೆಲಸ ಪೂರ್ತಿ ಮುಗಿಯಿತು. ಎಳ್ಳೆಣ್ಣೆ ಲೇಬಲ್‌ನಲ್ಲಿ "ಮರದ ಗಾಣ" ಅನ್ನುವ ಅಕ್ಷರ ಸ್ವಲ್ಪ ದೊಡ್ಡದಾಗಬೇಕು ಅಂತ ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದ್ರಲ್ಲ, ಅದನ್ನೂ ಸೇರಿಸಿದ್ದೇನೆ. ಬಾಕಿ ಹಣ ಬೆಳಿಗ್ಗೆ ಬಂತು, ಥ್ಯಾಂಕ್ಸ್. ಈಗ ಫೈಲ್‌ಗಳನ್ನು ನಿಮ್ಮ ಕೈಗೆ ಒಪ್ಪಿಸುತ್ತಿದ್ದೇನೆ. ಮೇಲ್ ಸ್ವಲ್ಪ ಉದ್ದ ಇದೆ, ಆದರೆ ಪ್ರೆಸ್‌ಗೆ ಕೊಡುವ ಮುಂಚೆ ನೀವು, ನಿಮ್ಮ ಮಗ ಇಬ್ಬರೂ ಒಂದು ಸಲ ಪೂರ್ತಿ ಓದಿ.

ಮೊದಲ ಲಿಂಕ್ (180 MB): Ganada_Enne_FINAL_01-03.zip
ಎರಡನೇ ಲಿಂಕ್ (1.4 GB): Ganada_Enne_FINAL_04-05.zip

ಎರಡೂ ಗೂಗಲ್ ಡ್ರೈವ್ ಲಿಂಕ್. ಮೊಬೈಲ್‌ನಲ್ಲಿ ಬೇಡ, ಮಗನ ಲ್ಯಾಪ್‌ಟಾಪ್‌ನಲ್ಲಿ ಇಳಿಸಿಕೊಳ್ಳಿ. ಫೈಲ್ ದೊಡ್ಡದು, ವೈರಸ್ ಇದೆಯಾ ಅಂತ ನೋಡಲು ಆಗುವುದಿಲ್ಲ ಅಂತ ಡ್ರೈವ್ ಒಂದು ಎಚ್ಚರಿಕೆ ತೋರಿಸುತ್ತದೆ. ಗಾಬರಿ ಬೇಡ, 100 MB ದಾಟಿದ ಫೈಲ್‌ಗಳಿಗೆಲ್ಲ ಹಾಗೇ ಬರುತ್ತದೆ, Download anyway ಒತ್ತಿ. ಇಳಿದ ಮೇಲೆ ಜಿಪ್ ಮೇಲೆ ರೈಟ್ ಕ್ಲಿಕ್ ಮಾಡಿ Extract All ಕೊಡಿ. ಜಿಪ್ ಬಿಚ್ಚದೆ ಒಳಗಿಂದಲೇ ಫೈಲ್ ತೆರೆದರೆ ಕೆಲವು ಚಿತ್ರ ಕಾಣಿಸುವುದಿಲ್ಲ, ಆಮೇಲೆ ಫೈಲೇ ಹಾಳಾಗಿದೆ ಅಂತ ಅನಿಸುತ್ತದೆ.

ಬಿಚ್ಚಿದ ಮೇಲೆ ಹೀಗೆ ಕಾಣಬೇಕು:

```
01_PRESS
02_MOBILE_PHOTO
03_LOGO
04_SOURCE
05_FONTS
```

ನಿಮಗೆ ಈ ವಾರ ಬೇಕಾಗಿರುವುದು 01_PRESS ಒಂದೇ. ಕಡಲೆಕಾಯಿ, ಕೊಬ್ಬರಿ, ಎಳ್ಳು, ಕುಸುಬೆ ನಾಲ್ಕಕ್ಕೂ 1 ಲೀಟರ್, ಅರ್ಧ ಲೀಟರ್ ಎರಡೆರಡು ಪಿಡಿಎಫ್, ಒಟ್ಟು 8 ಇವೆ. ಫೈಲ್ ಹೆಸರಿನಲ್ಲೇ ಎಣ್ಣೆ ಮತ್ತು ಅಳತೆ ಇದೆ, Kadlekai_1L_90x140mm.pdf ಅನ್ನುವ ಹಾಗೆ. ಸುತ್ತ 3 ಮಿ.ಮೀ. ಬ್ಲೀಡ್ ಬಿಟ್ಟಿದ್ದೇನೆ, ಬಣ್ಣ ಸಿಎಂವೈಕೆಯಲ್ಲಿದೆ, ಅಕ್ಷರಗಳೆಲ್ಲ ಔಟ್‌ಲೈನ್ ಆಗಿವೆ. ಪ್ರೆಸ್‌ನವರಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ.

ಅಕ್ಕ, ಈ ಔಟ್‌ಲೈನ್ ವಿಷಯ ಮಾತ್ರ ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. "ಓಪನ್ ಫೈಲ್ ಕೊಡಿ ಮೇಡಂ, ಸೆಟ್ಟಿಂಗ್ ನಾವೇ ಮಾಡ್ಕೊಳ್ತೀವಿ" ಅಂತ ಪ್ರೆಸ್‌ನವರು ಕೇಳಬಹುದು. ಕೊಡಬೇಡಿ. ಎರಡು ವರ್ಷದ ಹಿಂದೆ ಇನ್ನೊಬ್ಬ ಗ್ರಾಹಕರ ಕೆಲಸದಲ್ಲಿ ಹೀಗೇ ಆಯಿತು. ಪ್ರೆಸ್‌ನ ಕಂಪ್ಯೂಟರ್‌ನಲ್ಲಿ ನಮ್ಮ ಫಾಂಟ್ ಇರಲಿಲ್ಲ, ಫೈಲ್ ತೆರೆದ ಕೂಡಲೇ ಬೇರೆ ಫಾಂಟ್ ಬಂದು ಕೂತಿತು, ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡವು. "ಎಣ್ಣೆ" ಅನ್ನುವುದು "ಎಣ್‌ಣೆ" ಆಯಿತು. ಅಲ್ಲಿದ್ದ ಹುಡುಗನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, 3,000 ಸ್ಟಿಕರ್ ಹಾಗೇ ಅಚ್ಚಾಗಿ ಬಂದವು. ಆ ಬಂಡಲ್ ಬಿಚ್ಚಿದಾಗ ಅವರ ಮುಖ ಹೇಗಾಯಿತು ಅನ್ನೋದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಔಟ್‌ಲೈನ್ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರ ಅಕ್ಷರವಾಗಿ ಇರುವುದಿಲ್ಲ, ಚಿತ್ರದ ಗೆರೆಯಾಗಿ ಇರುತ್ತದೆ, ಹಾಗಾಗಿ ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಒತ್ತು ಅಲ್ಲೇ ಇರುತ್ತದೆ.

ಪ್ರೆಸ್‌ಗೆ ಇನ್ನೆರಡು ಮಾತು ಹೇಳಬೇಕು. ಬ್ಯಾಚ್ ನಂಬರ್, ಪ್ಯಾಕ್ ಮಾಡಿದ ದಿನ, ಎಂಆರ್‌ಪಿ ಹಾಕಲು ಬಲಗಡೆ ಕೆಳಗೆ ಬಿಳಿ ಜಾಗ ಬಿಟ್ಟಿದ್ದೇನೆ, ನೋಡಿ. ಅದರ ಮೇಲೆ ಹೊಳೆಯುವ ಗ್ಲಾಸಿ ಲ್ಯಾಮಿನೇಷನ್ ಬಂದರೆ ನಿಮ್ಮ ರಬ್ಬರ್ ಸ್ಟಾಂಪಿನ ಇಂಕ್ ಹಿಡಿಯುವುದಿಲ್ಲ, ಎಣ್ಣೆ ಕೈ ತಾಗಿದ ಕೂಡಲೇ ಒರೆಸಿ ಹೋಗುತ್ತದೆ. ಮೊದಲು ಒಂದು ತುಂಡು ಸ್ಯಾಂಪಲ್ ತರಿಸಿ. ಅದರ ಮೇಲೆ ಸ್ಟಾಂಪ್ ಒತ್ತಿ, ಐದು ನಿಮಿಷ ಬಿಟ್ಟು ಎಣ್ಣೆ ಬೆರಳಿನಿಂದ ತಿಕ್ಕಿ ನೋಡಿ. ಆಮೇಲೆ ಬಾರ್‌ಕೋಡ್. ಅದನ್ನು ಬರೀ ಕಪ್ಪು ಇಂಕಿನಲ್ಲಿ ಇಟ್ಟಿದ್ದೇನೆ, ಅದರ ಬಣ್ಣ ಬದಲಾಯಿಸುವುದು, ಜಾಗ ಸಾಲದು ಅಂತ ಚಿಕ್ಕದು ಮಾಡುವುದು ಬೇಡ ಅಂತ ಹೇಳಿ. ಸ್ಯಾಂಪಲ್ ಬಂದಾಗ ನಿಮ್ಮೂರಿನ ಯಾವುದಾದರೂ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಸಲ ಸ್ಕ್ಯಾನ್ ಮಾಡಿಸಿ.

ಎಫ್ಎಸ್ಎಸ್ಎಐ ಲೈಸೆನ್ಸ್ ನಂಬರಿನ 14 ಅಂಕಿಗಳನ್ನು ನೀವು ಕಳಿಸಿದ ಫೋಟೋ ನೋಡಿ ಹಾಕಿದ್ದೇನೆ, ಎರಡು ಸಲ ತಾಳೆ ನೋಡಿದ್ದೇನೆ. ಆದರೂ ಮೂಲ ಕಾಗದ ಪಕ್ಕದಲ್ಲಿಟ್ಟುಕೊಂಡು ನೀವೊಮ್ಮೆ ಒಂದೊಂದೇ ಅಂಕಿ ಬೆರಳಿಟ್ಟು ಓದಿ. ಮಗ ಗಟ್ಟಿಯಾಗಿ ಓದಲಿ, ನೀವು ಲೇಬಲ್ ನೋಡಿ, ಆಗ ತಪ್ಪು ಬೇಗ ಸಿಗುತ್ತದೆ.

02_MOBILE_PHOTO ನಿಮ್ಮ ದಿನನಿತ್ಯದ ಬಳಕೆಗೆ. ವಾಟ್ಸಾಪ್ ಸ್ಟೇಟಸ್, ಇನ್‌ಸ್ಟಾಗ್ರಾಂ, ಅಂಗಡಿಯವರಿಗೆ ಕಳಿಸುವ ದರಪಟ್ಟಿ, ಇದಕ್ಕೆಲ್ಲ ಇದರಿಂದಲೇ ತೆಗೆದುಕೊಳ್ಳಿ. ಇವು ಪ್ರೆಸ್‌ಗೆ ಆಗುವುದಿಲ್ಲ, ಬಣ್ಣವೇ ಬೇರೆ. ಗಾಣದ ಹತ್ತಿರ ಬೆಳಿಗ್ಗೆ ಬಿಸಿಲಿನಲ್ಲಿ ತೆಗೆದ ಆ 14 ಫೋಟೋಗಳೂ ಇದರಲ್ಲಿವೆ. ಹಿಂಡಿ ಪಕ್ಕಕ್ಕೆ ಬಿದ್ದು ಎಣ್ಣೆ ಸಣ್ಣಗೆ ಇಳಿಯುವ ಫೋಟೋ ನನಗೆ ತುಂಬಾ ಇಷ್ಟ, ಬೋರ್ಡ್ ಮಾಡಿಸುವುದಾದರೆ ಅದನ್ನೇ ಹಾಕಿ.

03_LOGOದಲ್ಲಿ ಲೋಗೋ ಮೂರು ಥರ ಇದೆ: ಬಣ್ಣದ್ದು, ಬರೀ ಕಪ್ಪು, ಬರೀ ಬಿಳಿ. ಫ್ಲೆಕ್ಸ್‌ನವರು, ಟೀ ಶರ್ಟ್ ಪ್ರಿಂಟ್ ಮಾಡುವವರು ಕೇಳಿದರೆ ಪಿಡಿಎಫ್ ಕೊಡಿ, ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಲೋಗೋ ಹಿಂದಿನ ಪಾರದರ್ಶಕ ಜಾಗ ಹೋಗಿ ಸುಮ್ನೆ ಒಂದು ಡಬ್ಬಿ ಬಂದು ಕೂರುತ್ತದೆ.

04_SOURCE ಇಲಸ್ಟ್ರೇಟರ್ ಮೂಲ ಫೈಲ್‌ಗಳು. ಇವೂ ನಿಮ್ಮವೇ, ಮಾತಾಡಿದ ಹಾಗೆ ಲೋಗೋ, ಲೇಬಲ್, ಫೋಟೋ ಎಲ್ಲದರ ಪೂರ್ತಿ ಹಕ್ಕು ನಿಮ್ಮದು. ಮುಂದೆ ಬೇರೆ ಡಿಸೈನರ್ ಹತ್ತಿರ ಕೆಲಸ ಮಾಡಿಸಿದರೂ ನನ್ನನ್ನು ಕೇಳಬೇಕಾಗಿಲ್ಲ, ಈ ಫೋಲ್ಡರ್ ಪೂರ್ತಿ ಕೊಟ್ಟುಬಿಡಿ. ಪೂರ್ತಿ ಅಂದರೆ ಒಳಗಿರುವ Links ಫೋಲ್ಡರ್ ಸಮೇತ, ಅದನ್ನು ಬಿಟ್ಟರೆ ಅವರಿಗೆ ಚಿತ್ರಗಳು ಸಿಗುವುದಿಲ್ಲ. ಜೊತೆಗೆ 05_FONTS ಕೂಡ. ಬಲೂ ತಮ್ಮ 2 ಮತ್ತು ನೋಟೋ ಸ್ಯಾನ್ಸ್ ಕನ್ನಡ, ಎರಡೂ ಮುಕ್ತ ಪರವಾನಗಿಯ ಫಾಂಟ್‌ಗಳು, ವ್ಯಾಪಾರಕ್ಕೆ ಬಳಸಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಪರವಾನಗಿಯ ಕಾಗದವನ್ನೂ ಅದರೊಳಗೇ ಇಟ್ಟಿದ್ದೇನೆ.

ಲಿಂಕ್ ಆಗಸ್ಟ್ 31ರವರೆಗೆ ಇರುತ್ತದೆ. ಆಮೇಲೆ ತೆಗೆಯಲೇಬೇಕು, ನನ್ನ ಡ್ರೈವ್‌ನಲ್ಲಿ ಜಾಗ ಕಡಿಮೆ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರತಿ, ಪೆನ್ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಪೆನ್ ಡ್ರೈವ್ ಅಂಗಡಿಯಲ್ಲಿ ಬೇಡ, ಮನೆಯ ಬೀರುವಿನಲ್ಲಿರಲಿ. ವಾಟ್ಸಾಪ್‌ನಲ್ಲಿ ಇಲ್ಲಿಯವರೆಗೆ ಓಡಾಡಿದ ಹಳೆಯ ಸ್ಯಾಂಪಲ್‌ಗಳನ್ನೆಲ್ಲ ಇವತ್ತೇ ಅಳಿಸಿಬಿಡಿ. ಅದರಲ್ಲಿ ಹಳೆಯ ವಿಳಾಸ ಇದೆ, ಅವಸರದಲ್ಲಿ ಯಾರಾದರೂ ಅದನ್ನೇ ಪ್ರೆಸ್‌ಗೆ ಕಳಿಸಿಬಿಟ್ಟರೆ ಕಷ್ಟ, ಅಲ್ವಾ?

ಅಕ್ಷರದ ತಪ್ಪು ಏನಾದರೂ ಕಂಡರೆ 15 ದಿನದೊಳಗೆ ಹೇಳಿ, ದುಡ್ಡಿಲ್ಲದೆ ತಿದ್ದಿಕೊಡುತ್ತೇನೆ. 5 ಲೀಟರ್ ಕ್ಯಾನಿನ ಲೇಬಲ್ ಬೇಕು ಅಂದಿದ್ದಿರಿ, ಅದು ಬೇರೆ ಕೆಲಸ, ಕ್ಯಾನ್ ಕೈಗೆ ಬಂದ ಮೇಲೆ ಅಳತೆ ತೆಗೆದು ಕಳಿಸಿ, ಆಗ ರೇಟ್ ಹೇಳುತ್ತೇನೆ.

ಎರಡೂ ಜಿಪ್ ಬಿಚ್ಚಿ, ಐದೂ ಫೋಲ್ಡರ್ ಕಂಡಮೇಲೆ "ಐದೂ ಸಿಕ್ಕಿದವು" ಅಂತ ಒಂದು ಸಾಲು ಉತ್ತರ ಹಾಕಿ. ಪ್ರೆಸ್‌ಗೆ ಹೋದ ದಿನ ಅವರಿಗೆ ಏನಾದರೂ ಗೊಂದಲ ಇದ್ದರೆ ಅಲ್ಲಿಂದಲೇ ಫೋನ್ ಮಾಡಿ ಕೊಡಿ, ನಾನೇ ಮಾತಾಡುತ್ತೇನೆ, ಸಂಜೆ 7ರವರೆಗೂ ಸಿಗುತ್ತೇನೆ.