ಎಂಬೆಡೆಡ್ ಸಿ ಡೆವಲಪರ್ ಕೆಲಸಕ್ಕೆ ಅರ್ಜಿ

ನೇಮಕಾತಿ ವಿಭಾಗದವರಿಗೆ,

ನಮಸ್ಕಾರ.

ನಿಮ್ಮ ಪೀಣ್ಯ ಘಟಕದ ಎಂಬೆಡೆಡ್ ಸಿ ಡೆವಲಪರ್ ಕೆಲಸಕ್ಕೆ ಈ ಅರ್ಜಿ. ಈ ವರ್ಷ ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಬಿಇ ಮುಗಿಸಿದ್ದೇನೆ. ಕೆಲಸದ ಅನುಭವ ಇಲ್ಲ. ಪ್ರಾಜೆಕ್ಟುಗಳೂ ಸಣ್ಣವೇ, ಆದರೆ ಕೋಡ್ ಪೂರ್ತಿ ನನ್ನದು.

ಒಂದು ಈಗಲೂ ಅರಸೀಕೆರೆಯ ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿದೆ. ಬೋರ್‌ವೆಲ್‌ನಲ್ಲಿ ನೀರು ಬರುವುದು ನಿಂತರೂ ಮೋಟರ್ ಓಡುತ್ತಲೇ ಇತ್ತು. ಒಮ್ಮೆ ಸುಟ್ಟೂ ಹೋಯಿತು. ಅಪ್ಪ ಕಾಯಿಲ್ ಕಟ್ಟಿಸಿದ ದುಡ್ಡು ನೋಡಿ ಶುರುಮಾಡಿದ್ದು ಇದು. ನೀರಿಲ್ಲದಾಗ ಮೋಟರ್ ಎಳೆಯುವ ಕರೆಂಟ್ ಇಳಿಯುತ್ತದೆ, ಅಲ್ವಾ? ಅದನ್ನು ಅಳೆದು, ಇಳಿದ ಕರೆಂಟ್ 10 ಸೆಕೆಂಡ್ ಹಾಗೇ ಇದ್ದರೆ ಸ್ಟಾರ್ಟರ್ ಆಫ್ ಮಾಡುವ ಬೋರ್ಡ್ ಮಾಡಿದೆ. ಚಿಪ್ ATmega328P. ಆರ್ಡುಯಿನೊ ಲೈಬ್ರರಿ ಬಳಸಲಿಲ್ಲ. ಡೇಟಾಶೀಟ್ ಓದಿ ಎಡಿಸಿ, ಟೈಮರ್ ರಿಜಿಸ್ಟರ್‌ಗಳನ್ನು ನಾನೇ ಸೆಟ್ ಮಾಡಿದೆ.

ಜಾಸ್ತಿ ಕಲಿಸಿದ್ದು ಒಂದು ತಪ್ಪು. `-O0` ಕೊಟ್ಟಾಗ ಓಡುತ್ತಿದ್ದ ಕೋಡ್ `-O2` ಕೊಟ್ಟರೆ ಸುಮ್ನೆ ನಿಂತುಬಿಡುತ್ತಿತ್ತು. ಎರಡು ದಿನ ವೈರಿಂಗ್ ಮೇಲೆ ಅನುಮಾನಪಟ್ಟೆ. ಕೊನೆಗೆ ಅಸೆಂಬ್ಲಿ ತೆಗೆದು ನೋಡಿದರೆ, ಇಂಟರಪ್ಟ್ ಬದಲಿಸುವ ಫ್ಲ್ಯಾಗನ್ನು ಲೂಪ್ ಮತ್ತೆ ಓದುತ್ತಲೇ ಇರಲಿಲ್ಲ. ಬಿಟ್ಟಿದ್ದು ಮೊದಲ ಪದ:

```c
volatile uint8_t tick;
```

ಇನ್ನೊಂದು, STM32F103 ಮೇಲೆ ಬರೆದ ಯುಆರ್ಟ್ ಡ್ರೈವರ್. 64 ಬೈಟಿನ ರಿಂಗ್ ಬಫರ್ ಜೊತೆ.

ನೀವು ಕೇಳಿರುವ ಆರ್‌ಟಿಒಎಸ್ ಬಗ್ಗೆ ಓದಿದ್ದೇನೆ, ಬಳಸಿಲ್ಲ. ಕ್ಯಾನ್ ಬಸ್ ಕೂಡ ಅಷ್ಟೇ.

ಸಂದರ್ಶನಕ್ಕೆ ಕರೆದರೆ ಎರಡನೇ ಬೋರ್ಡ್ ತರುತ್ತೇನೆ. ಮೊದಲನೆಯದನ್ನು ಕಿತ್ತರೆ ಅಪ್ಪ ಬಿಡುವುದಿಲ್ಲ. ರೆಸ್ಯೂಮೆ ಜೊತೆಗಿದೆ. ಕರೆದ ವಾರವೇ ಕೆಲಸಕ್ಕೆ ಸೇರಬಲ್ಲೆ.

ಇತಿ ನಿಮ್ಮ ವಿಶ್ವಾಸಿ,
ಚೈತ್ರಾ